ಬಂಗಾರಪೇಟೆ ಒಂದು ದೇಶವಾಗಿದ್ದರೆ: ಜಿಡಿಪಿ, ಜಿಎನ್‌ಪಿ ಲೆಕ್ಕ ಎಲ್ಲಿ ತಪ್ಪುತ್ತದೆ?

ದ್ವಿತೀಯ ಪಿಯುಸಿ ಮಕ್ಕಳಿಗೆ ರಾಷ್ಟ್ರೀಯ ಆದಾಯದ ಪಾಠ ಮುಗಿಸಿದ ಮಾರನೇ ದಿನ ನಾನು ಒಂದೇ ಒಂದು ಪ್ರಶ್ನೆಯ ಪರೀಕ್ಷೆ ಕೊಡುತ್ತೇನೆ. "ಚಿಂತಾಮಣಿಯ ಒಬ್ಬರು ಐದು ವರ್ಷದಿಂದ ದುಬೈನಲ್ಲಿ ಡ್ರೈವರ್ ಆಗಿದ್ದಾರೆ. ತಿಂಗಳಿಗೆ 30,000 ರೂಪಾಯಿ ಮನೆಗೆ ಕಳಿಸುತ್ತಾರೆ. ಈ ದುಡ್ಡು ಭಾರತದ ಜಿಡಿಪಿಗೆ ಸೇರುತ್ತದೋ, ಜಿಎನ್‌ಪಿಗೆ ಸೇರುತ್ತದೋ?"

ಜಿಡಿಪಿ ಅಂದರೆ ಒಟ್ಟು ದೇಶೀಯ ಉತ್ಪನ್ನ, ಜಿಎನ್‌ಪಿ ಅಂದರೆ ಒಟ್ಟು ರಾಷ್ಟ್ರೀಯ ಉತ್ಪನ್ನ. ಜಾಸ್ತಿ ಜನ "ಜಿಎನ್‌ಪಿ" ಅಂತ ಬರೆಯುತ್ತಾರೆ. ಪಾಠ ಕೇಳದೆ ಕಿಟಕಿ ನೋಡುತ್ತಿದ್ದ ಒಂದಿಬ್ಬರು "ಜಿಡಿಪಿ" ಅನ್ನುತ್ತಾರೆ. ಸರಿಯಾದ ಉತ್ತರ ಎರಡೂ ಅಲ್ಲ. ಹೇಳಿದರೆ ನಂಬುವುದಿಲ್ಲ. "ಸರ್, ನಮ್ಮವರು ಹೊರಗೆ ದುಡಿದದ್ದನ್ನ ಸೇರಿಸಿದರೆ ಜಿಎನ್‌ಪಿ ಅಂತ ನೀವೇ ಹೇಳಿದ್ರಲ್ಲ?" ಅಂತ ನನ್ನನ್ನೇ ಹಿಡಿಯುತ್ತಾರೆ.

ತಪ್ಪು ಅವರದಲ್ಲ. "ನಮ್ಮವರು" ಅನ್ನುವ ಮಾತಿನದು. ಆರ್ಥಿಕ ಲೆಕ್ಕದಲ್ಲಿ ನಮ್ಮವರು ಅಂದರೆ ಯಾರು, "ದುಡಿದದ್ದು" ಅಂದರೆ ಯಾವ ದುಡ್ಡು, ಈ ಎರಡು ಬಿಗಿಯಾದರೆ ಉಳಿದದ್ದೆಲ್ಲ ಕೂಡುವ ಕಳೆಯುವ ಲೆಕ್ಕ ಅಷ್ಟೇ.

ಮೊದಲು ದೇಶವನ್ನು ಚಿಕ್ಕದು ಮಾಡಿ

ಭಾರತ, ಅಮೆರಿಕ ಅಂತ ಶುರು ಮಾಡಿದರೆ ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಅದಕ್ಕೆ ನಾನು ಬಂಗಾರಪೇಟೆಯನ್ನೇ ಒಂದು ದೇಶ ಮಾಡಿಬಿಡುತ್ತೇನೆ. ಅದರ ಗಡಿ ದಾಟಿದರೆ ವಿದೇಶ. ಬೆಂಗಳೂರು ವಿದೇಶ, ಕುಪ್ಪಂ ವಿದೇಶ.

ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ ನೋಡಿ. ಟಿಫನ್ ಬಾಕ್ಸ್ ಹಿಡಿದುಕೊಂಡು ನೂರಾರು ಜನ ಬೆಂಗಳೂರು ಕಡೆಯ ರೈಲಿಗೆ ಕಾಯುತ್ತಿರುತ್ತಾರೆ. ವೈಟ್‌ಫೀಲ್ಡ್‌ನಲ್ಲೋ ಕೆ.ಆರ್. ಪುರದಲ್ಲೋ ಇಳಿದು, ಇಡೀ ದಿನ ದುಡಿದು, ರಾತ್ರಿ ಮನೆಗೆ ಬರುತ್ತಾರೆ. ಇವರ ಮನೆ, ಸಂಸಾರ, ರೇಷನ್ ಕಾರ್ಡು ಎಲ್ಲಾ ಇಲ್ಲೇ. ಕೆಲಸ ಮಾತ್ರ ಅಲ್ಲಿ.

ಇವರು ಮಾಡಿದ ಕೆಲಸ ವೈಟ್‌ಫೀಲ್ಡ್‌ನಲ್ಲಿ ನಡೆಯಿತು. ಹಾಗಾಗಿ ಅದು ಬೆಂಗಳೂರಿನ ದೇಶೀಯ ಉತ್ಪನ್ನ. ಆದರೆ ಸಂಬಳ ಬಂದದ್ದು ಬಂಗಾರಪೇಟೆಯ ನಿವಾಸಿಗೆ. ಹಾಗಾಗಿ ಅದು ಬಂಗಾರಪೇಟೆಯ ರಾಷ್ಟ್ರೀಯ ಉತ್ಪನ್ನ. ದೇಶೀಯ ಅಂದರೆ ಜಾಗದ ಲೆಕ್ಕ, ರಾಷ್ಟ್ರೀಯ ಅಂದರೆ ನಿವಾಸಿಗಳ ಲೆಕ್ಕ. ಎರಡರ ನಡುವಿನ ವ್ಯತ್ಯಾಸವೇ ವಿದೇಶದಿಂದ ಬಂದ ನಿವ್ವಳ ಉತ್ಪಾದನಾಂಗ ಆದಾಯ. ಹೆಸರು ಉದ್ದ, ಹಾಗಾಗಿ ಇಲ್ಲಿಂದ ಮುಂದೆ "ನಿವ್ವಳ ಅಂಶ ಆದಾಯ" ಅಂತ ಕರೆಯುತ್ತೇನೆ. ಅಂಶ ಆದಾಯ ಅಂದರೆ ದುಡಿಮೆ, ಜಾಗ, ಸಾಲ, ಬಂಡವಾಳ ಇವಕ್ಕೆ ಪ್ರತಿಯಾಗಿ ಬಂದ ದುಡ್ಡು.

ಸೂತ್ರ ಇಷ್ಟೇ:

ನಿವ್ವಳ ಅಂಶ ಆದಾಯ = ಹೊರಗಿನಿಂದ ಬಂದ ಅಂಶ ಆದಾಯ − ಹೊರಗೆ ಹೋದ ಅಂಶ ಆದಾಯ

ಜಿಎನ್‌ಪಿ = ಜಿಡಿಪಿ + ನಿವ್ವಳ ಅಂಶ ಆದಾಯ

ಈಗ ಅದೇ ರೈಲಿನಲ್ಲಿ ಓಡಾಡುತ್ತಿದ್ದ ಒಬ್ಬ ಹುಡುಗ ಮದುವೆಯಾದ, ವೈಟ್‌ಫೀಲ್ಡ್‌ನಲ್ಲೇ ಮನೆ ಮಾಡಿದ ಅಂದುಕೊಳ್ಳಿ. ಎರಡು ವರ್ಷ ಆಯಿತು. ತಿಂಗಳಿಗೊಮ್ಮೆ ಊರಿನಲ್ಲಿರುವ ಅಮ್ಮನಿಗೆ ಫೋನ್‌ಪೇ ಮಾಡುತ್ತಾನೆ. ಅದೇ ಹುಡುಗ, ಅದೇ ಕಂಪನಿ, ಅದೇ ಸಂಬಳ. ಆದರೆ ಈಗ ಅವನು ಬೆಂಗಳೂರು ಎಂಬ ದೇಶದ ನಿವಾಸಿ. ಅವನ ಸಂಬಳ ಬೆಂಗಳೂರಿನ ಜಿಡಿಪಿಗೂ ಸೇರಿತು, ಜಿಎನ್‌ಪಿಗೂ ಸೇರಿತು. ಅಮ್ಮನಿಗೆ ಬಂದ ದುಡ್ಡು? ಅಮ್ಮ ಅದಕ್ಕೆ ಪ್ರತಿಯಾಗಿ ಯಾವ ಕೆಲಸವನ್ನೂ ಮಾಡಿಲ್ಲ, ಏನನ್ನೂ ಬಾಡಿಗೆಗೆ ಕೊಟ್ಟಿಲ್ಲ. ಅದು ಬರೀ ವರ್ಗಾವಣೆ. ಬಂಗಾರಪೇಟೆಯ ಜಿಡಿಪಿಗೂ ಇಲ್ಲ, ಜಿಎನ್‌ಪಿಗೂ ಇಲ್ಲ.

ದುಬೈ ಡ್ರೈವರ್ ಕಥೆಯೂ ಇದೇ, ಅಲ್ವಾ? ದೂರ ಜಾಸ್ತಿ, ಅಷ್ಟೇ.

ಪ್ರತಿ ಐಟಂಗೂ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ

ಪರೀಕ್ಷೆಯಲ್ಲಿ "ಇದು ಭಾರತದ ದೇಶೀಯ ಉತ್ಪನ್ನಕ್ಕೆ ಸೇರುತ್ತದೆಯೇ, ಕಾರಣ ಕೊಡಿ" ಅನ್ನುವ ಪ್ರಶ್ನೆ ಬಂದಾಗ ಊಹೆ ಮಾಡಬೇಡಿ. ಕೆಳಗಿನ ಮೂರು ಪ್ರಶ್ನೆ ಕೇಳಿಕೊಳ್ಳಿ. ಕ್ರಮ ಬದಲಿಸಬೇಡಿ.

ಮೊದಲನೆಯದು: ಈ ದುಡ್ಡು ಏನಕ್ಕೆ ಪ್ರತಿಯಾಗಿ ಬಂತು? ದುಡಿಮೆಗೆ ಬಂದರೆ ಕೂಲಿ ಅಥವಾ ಸಂಬಳ. ಜಾಗಕ್ಕೆ ಬಂದರೆ ಬಾಡಿಗೆ. ಕೊಟ್ಟ ಸಾಲಕ್ಕೆ ಬಂದರೆ ಬಡ್ಡಿ. ಹೂಡಿದ ಬಂಡವಾಳಕ್ಕೆ ಬಂದರೆ ಲಾಭ. ಈ ನಾಲ್ಕರಲ್ಲಿ ಒಂದಾದರೆ ಅಂಶ ಆದಾಯ, ಮುಂದಿನ ಪ್ರಶ್ನೆಗೆ ಹೋಗಿ. ಏನೂ ಕೊಡದೆ ಬಂದಿದ್ದರೆ ವರ್ಗಾವಣೆ. ಅಲ್ಲೇ ನಿಲ್ಲಿಸಿ, ಯಾವ ಲೆಕ್ಕಕ್ಕೂ ಸೇರಿಸಬೇಡಿ. ಸರಕು ಮಾರಿದ ದುಡ್ಡಾಗಿದ್ದರೆ ಅದು ರಫ್ತು. ಶ್ರೀನಿವಾಸಪುರದ ಮಾವು ವಿದೇಶಕ್ಕೆ ಹೋದರೆ ಅದರ ಮೌಲ್ಯ ಆಗಲೇ ಜಿಡಿಪಿಯಲ್ಲಿ ಬಂದಿರುತ್ತದೆ. ಮರ ಇಲ್ಲಿದೆ, ಹಣ್ಣು ಇಲ್ಲಿ ಬಿಟ್ಟಿದೆ. ಹೊರಗಿನಿಂದ ಡಾಲರ್ ಬಂತು ಅಂತ ಮತ್ತೆ ನಿವ್ವಳ ಅಂಶ ಆದಾಯದಲ್ಲಿ ಸೇರಿಸಿದರೆ ಒಂದೇ ಹಣ್ಣನ್ನು ಎರಡು ಸಲ ಎಣಿಸಿದ ಹಾಗೆ.

ಎರಡನೆಯದು: ಕೆಲಸ ಎಲ್ಲಿ ನಡೆಯಿತು? ನಮ್ಮ ಗಡಿಯೊಳಗೆ ಆದರೆ ಜಿಡಿಪಿಗೆ ಸೇರುತ್ತದೆ. ಮಾಲೀಕ ಯಾರು ಅಂತ ಇಲ್ಲಿ ಕೇಳುವ ಹಾಗೇ ಇಲ್ಲ.

ಮೂರನೆಯದು: ಆದಾಯ ಯಾವ ದೇಶದ ನಿವಾಸಿಗೆ ಸಿಕ್ಕಿತು? ನಮ್ಮ ನಿವಾಸಿಗೆ ಸಿಕ್ಕಿದರೆ ಜಿಎನ್‌ಪಿಗೆ ಸೇರುತ್ತದೆ.

ಇಲ್ಲಿ ನಿವಾಸಿ ಅಂದರೆ ಪಾಸ್‌ಪೋರ್ಟ್ ಅಲ್ಲ. ಒಂದು ದೇಶದಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ನೆಲೆಸಿ, ಸಂಪಾದನೆ, ಖರ್ಚು ಎಲ್ಲಾ ಅಲ್ಲೇ ಇಟ್ಟುಕೊಂಡವರು ಅಲ್ಲಿಯ ಸಾಮಾನ್ಯ ನಿವಾಸಿ. ಭಾರತದ ಪಾಸ್‌ಪೋರ್ಟ್ ಇರುವ ದುಬೈ ಡ್ರೈವರ್ ಈ ಲೆಕ್ಕಕ್ಕೆ ಅಲ್ಲಿಯವರು. ಆದರೆ ಆರು ತಿಂಗಳ ಕಾಂಟ್ರಾಕ್ಟ್ ಮೇಲೆ ಹೋಗಿ ವಾಪಸ್ ಬಂದ ವೆಲ್ಡರ್ ನಮ್ಮ ನಿವಾಸಿಯೇ. ಅವನಿಗೆ ಸಿಕ್ಕ ಸಂಬಳ ಪೂರ್ತಿ ಹೊರಗಿನಿಂದ ಬಂದ ಅಂಶ ಆದಾಯ. ಮನೆಗೆ ಕಳಿಸಿದ್ದಷ್ಟೇ ಅಲ್ಲ, ಪೂರ್ತಿ ಸಂಬಳ. ಇದನ್ನೂ ಮಕ್ಕಳು ಮರೆಯುತ್ತಾರೆ.

ಒಂದು ವರ್ಷದ ನಿಯಮಕ್ಕೆ ಹೊರತಾದವರೂ ಇದ್ದಾರೆ. ಓದಲು ಹೋದ ವಿದ್ಯಾರ್ಥಿ ನಾಲ್ಕು ವರ್ಷ ಅಲ್ಲೇ ಇದ್ದರೂ ನಮ್ಮ ನಿವಾಸಿ. ಚಿಕಿತ್ಸೆಗೆ ಹೋದ ರೋಗಿಯೂ ಹಾಗೇ. ರಾಯಭಾರ ಕಚೇರಿಯ ವಿಷಯ ಪರೀಕ್ಷೆಗೆ ಪದೇಪದೇ ಬರುತ್ತದೆ. ದೆಹಲಿಯಲ್ಲಿರುವ ಅಮೆರಿಕದ ರಾಯಭಾರ ಕಚೇರಿಯ ಜಾಗ ಲೆಕ್ಕದ ಮಟ್ಟಿಗೆ ಅಮೆರಿಕದ ಗಡಿಯೊಳಗೆ ಇದ್ದಂತೆ. ಅಲ್ಲಿ ಕೆಲಸ ಮಾಡುವ ದೆಹಲಿಯ ಗುಮಾಸ್ತ ಬೆಳಿಗ್ಗೆ ಗೇಟು ದಾಟಿದ ಕೂಡಲೇ ವಿದೇಶಕ್ಕೆ ಹೋದ ಹಾಗೆ, ಸಂಜೆ ಆಚೆ ಬಂದರೆ ವಾಪಸ್ ಬಂದ ಹಾಗೆ. ನಮ್ಮ ವೈಟ್‌ಫೀಲ್ಡ್ ಪ್ರಯಾಣಿಕನೇ ಅವನು, ರೈಲು ಹತ್ತುವುದಿಲ್ಲ ಅಷ್ಟೇ. ಅವನ ಸಂಬಳ ಭಾರತದ ಜಿಡಿಪಿಯಲ್ಲಿ ಇಲ್ಲ, ಜಿಎನ್‌ಪಿಯಲ್ಲಿ ಇದೆ.

ಬಂಗಾರಪೇಟೆ ದೇಶದ ಒಂದು ವರ್ಷದ ಲೆಕ್ಕ

ಈಗ ಅಂಕಿ ಹಾಕೋಣ. ಇವು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡ ಅಂಕಿ, ಎಲ್ಲಾ ಕೋಟಿ ರೂಪಾಯಿಗಳಲ್ಲಿ.

ಊರಿನ ಗಡಿಯೊಳಗೆ, ಹೊಲದಿಂದ ಹಿಡಿದು ಪಾನಿಪುರಿ ಗಾಡಿಯ ತನಕ, ವರ್ಷದಲ್ಲಿ ಆದ ಒಟ್ಟು ಉತ್ಪನ್ನ 500. ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರ ಸಂಬಳ 80. ಕುಪ್ಪಂ ಕಡೆಯಿಂದ ಇಲ್ಲಿಗೆ ದಿನಾ ಬಂದು ಕೆಲಸ ಮಾಡಿ ಹೋಗುವವರ ಕೂಲಿ 20. ಊರಿನಲ್ಲಿರುವ ಒಂದು ಮಿಲ್ಲಿನ ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಅವರಿಗೆ ಸೇರಿದ ಲಾಭ 30. ಊರಿನವರು ಬೆಂಗಳೂರಿನ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಗೆ ಬಂದ ಬಡ್ಡಿ 10. ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳು ಅಪ್ಪ ಅಮ್ಮನಿಗೆ ಕಳಿಸಿದ್ದು 25. ಹೊರಗೆ ಮಾರಿದ ಟೊಮೆಟೊ 60.

ಮೊದಲ ಪ್ರಶ್ನೆ ಹಾಕಿ. 25 ವರ್ಗಾವಣೆ, ಹೊಡೆದುಹಾಕಿ. 60 ರಫ್ತು, ಆಗಲೇ 500ರ ಒಳಗಿದೆ, ಅದನ್ನೂ ಪಕ್ಕಕ್ಕಿಡಿ. ಉಳಿದ ನಾಲ್ಕೂ ಅಂಶ ಆದಾಯ.

ಒಳಗೆ ಬಂದದ್ದು: 80 + 10 = 90

ಹೊರಗೆ ಹೋದದ್ದು: 20 + 30 = 50

ನಿವ್ವಳ ಅಂಶ ಆದಾಯ: 90 − 50 = 40

ಜಿಎನ್‌ಪಿ: 500 + 40 = 540

ಒಂದು ಕಡೆ ಗಮನ ಕೊಡಿ. ಹೊರಗೆ ಹೋದ 50 ಕೂಡ 500ರ ಒಳಗೇ ಇದೆ. ಕುಪ್ಪಂನವರು ದುಡಿದದ್ದು ಈ ಊರಿನಲ್ಲಿ, ಮಿಲ್ಲು ಓಡಿದ್ದೂ ಈ ಊರಿನಲ್ಲಿ. ಒಳಗೆ ಸೇರಿದ್ದರಿಂದಲೇ ಅದನ್ನು ಕಳೆಯುತ್ತಿದ್ದೇವೆ. "ಅದು ನಮ್ಮದಲ್ಲ" ಅಂತ ಮೊದಲೇ 500ರಿಂದ ತೆಗೆದು, ಆಮೇಲೆ ಮತ್ತೊಮ್ಮೆ 50 ಕಳೆಯುವವರು ಇದ್ದಾರೆ. ಅವರ ಉತ್ತರ 490 ಬರುತ್ತದೆ. ಪೇಪರ್ ತಿದ್ದುವಾಗ 490 ಕಂಡರೆ ಎಲ್ಲಿ ಎಡವಿದ್ದಾರೆ ಅಂತ ನನಗೆ ಗೊತ್ತಾಗಿಬಿಡುತ್ತದೆ. 565 ಕಂಡರೆ ಅಮ್ಮನ ಫೋನ್‌ಪೇ ಸೇರಿಸಿಕೊಂಡಿದ್ದಾರೆ.

ನರಸಾಪುರದ ಕಾರ್ಖಾನೆ, ಕೆಜಿಎಫ್‌ನ ಚಿನ್ನ

ನಮ್ಮ ಜಿಲ್ಲೆಯ ನರಸಾಪುರದಲ್ಲಿ ಜಪಾನ್ ಮೂಲದ ಕಂಪನಿಯ ಬೈಕ್ ಕಾರ್ಖಾನೆ ಇದೆ. ಅಂಥ ಒಂದು ಕಾರ್ಖಾನೆಯನ್ನು ಮೂರು ಪ್ರಶ್ನೆಗಳಿಗೆ ಒಡ್ಡಿ ನೋಡೋಣ. ಅಲ್ಲಿ ತಯಾರಾದದ್ದರ ಮೌಲ್ಯವರ್ಧನೆ ಎಲ್ಲವೂ ಭಾರತದ ಜಿಡಿಪಿ. ಇದರಲ್ಲಿ ಕೋಲಾರದ ಹುಡುಗರ ಸಂಬಳ ಜಿಎನ್‌ಪಿಗೂ ಸೇರುತ್ತದೆ, ಯಾಕೆಂದರೆ ಅವರು ಇಲ್ಲಿಯ ನಿವಾಸಿಗಳು. ಮೂರು ವರ್ಷಕ್ಕೆ ಅಂತ ಬಂದು ನೆಲೆಸಿದ ಜಪಾನಿ ಮ್ಯಾನೇಜರ್ ಸಂಬಳವೂ ಹಾಗೇ, ಅವರೂ ಈಗ ಇಲ್ಲಿಯ ನಿವಾಸಿ. ಮೆಷಿನ್ ಕೂರಿಸಲು ಜಪಾನಿನಿಂದ ನಾಲ್ಕು ತಿಂಗಳಿಗೆ ಬಂದ, ಇಲ್ಲಿಯ ಕಂಪನಿಯೇ ಸಂಬಳ ಕೊಟ್ಟ ಎಂಜಿನಿಯರ್ ಆದರೆ ಅದು ಹೊರಗೆ ಹೋದ ಅಂಶ ಆದಾಯ. ಕಂಪನಿಯ ಲಾಭವೂ ಹೊರಗೆ ಹೋದದ್ದೇ.

ಲಾಭದ ಬಗ್ಗೆ ಒಂದು ಸೂಕ್ಷ್ಮ ಇದೆ. ವಿದೇಶಿ ಮಾತೃಸಂಸ್ಥೆ ತನ್ನ ಪಾಲಿನ ಲಾಭವನ್ನು ವಾಪಸ್ ಒಯ್ಯದೆ ಇಲ್ಲೇ ಎರಡನೇ ಶೆಡ್ ಕಟ್ಟಿತು ಅಂದುಕೊಳ್ಳಿ. ಆಗಲೂ ಅದು ಹೊರಗಿನವರ ಆದಾಯ ಅಂತಲೇ ಲೆಕ್ಕ. ಹೊರಗೆ ಹೋಗಿ, ಮತ್ತೆ ಬಂಡವಾಳವಾಗಿ ಒಳಗೆ ಬಂತು ಅಂತ ಬರೆದುಕೊಳ್ಳುತ್ತಾರೆ. ಪ್ರಶ್ನೆ ದುಡ್ಡು ವಿಮಾನ ಹತ್ತಿತೇ ಅನ್ನುವುದಲ್ಲ, ಯಾರ ಆದಾಯ ಅನ್ನುವುದು.

ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾದರೆ ಕೆಜಿಎಫ್ ಇದೆ. 1880ರಿಂದ ಅಲ್ಲಿ ಗಣಿ ನಡೆಸಿದ್ದು ಜಾನ್ ಟೇಲರ್ ಎಂಬ ಬ್ರಿಟಿಷ್ ಸಂಸ್ಥೆ. ಷೇರುದಾರರಿದ್ದದ್ದು ಇಂಗ್ಲೆಂಡಿನಲ್ಲಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಇವತ್ತಿನ ಲೆಕ್ಕದ ಕಣ್ಣಿನಲ್ಲಿ ನೋಡಿದರೆ, ಚಿನ್ನ ನಮ್ಮ ನೆಲದಿಂದ ಬಂದಿದ್ದರಿಂದ ಅದು ಯಾವಾಗಲೂ ನಮ್ಮ ದೇಶೀಯ ಉತ್ಪನ್ನವೇ. ಆದರೆ ಲಂಡನ್ನಿಗೆ ಹೋದ ಡಿವಿಡೆಂಡ್ ನಮ್ಮ ರಾಷ್ಟ್ರೀಯ ಉತ್ಪನ್ನ ಆಗಿರಲಿಲ್ಲ. 1956ರಲ್ಲಿ ಗಣಿ ಅದೇ, ಸುರಂಗ ಅದೇ, ಕೆಲಸಗಾರರೂ ಅವರೇ. ಮಾಲೀಕ ಬದಲಾದ ಮಾತ್ರಕ್ಕೆ ಜಿಡಿಪಿ ಬದಲಾಗುವುದಿಲ್ಲ. ಬದಲಾಗುವುದು ಜಿಎನ್‌ಪಿ.

ಪರೀಕ್ಷೆಯ ಲೆಕ್ಕ, ಅದರೊಳಗಿನ ಗುಂಡಿಗಳು

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೇಳುವ ರೂಪ ಹೀಗಿರುತ್ತದೆ. ಕೆಳಗಿನ ಅಂಕಿಗಳಿಂದ ಉತ್ಪಾದನಾಂಗ ವೆಚ್ಚದಲ್ಲಿ ನಿವ್ವಳ ರಾಷ್ಟ್ರೀಯ ಉತ್ಪನ್ನ ಕಂಡುಹಿಡಿಯಿರಿ. ಇದಕ್ಕೇ ರಾಷ್ಟ್ರೀಯ ಆದಾಯ ಅನ್ನುವುದು.

ಮಾರುಕಟ್ಟೆ ಬೆಲೆಯಲ್ಲಿ ಜಿಡಿಪಿ 8,000. ಸವಕಳಿ 600. ಪರೋಕ್ಷ ತೆರಿಗೆ 700. ಸಹಾಯಧನ 150. ವಿದೇಶದಿಂದ ಬಂದ ಅಂಶ ಆದಾಯ 120. ವಿದೇಶಕ್ಕೆ ಹೋದ ಅಂಶ ಆದಾಯ 310. ವಿದೇಶದಿಂದ ಬಂದ ವರ್ಗಾವಣೆ 400.

ಪೆನ್ನು ತೆಗೆದ ಕೂಡಲೇ 400ರ ಮೇಲೆ ಗೆರೆ ಎಳೆಯಿರಿ. ಅದನ್ನು ಇಟ್ಟಿರುವುದೇ ನಿಮ್ಮನ್ನು ಬೀಳಿಸಲು.

ಆಮೇಲೆ ಪ್ರಶ್ನೆಯಲ್ಲಿ ಕೊಟ್ಟದ್ದಕ್ಕೂ ಕೇಳಿದ್ದಕ್ಕೂ ಮೂರು ಜೋಡಿ ಪದ ಹೋಲಿಸಿ. ಕೊಟ್ಟದ್ದು ದೇಶೀಯ, ಕೇಳಿದ್ದು ರಾಷ್ಟ್ರೀಯ: ನಿವ್ವಳ ಅಂಶ ಆದಾಯ ಕೂಡಬೇಕು. ಕೊಟ್ಟದ್ದು ಒಟ್ಟು, ಕೇಳಿದ್ದು ನಿವ್ವಳ: ಸವಕಳಿ ಕಳೆಯಬೇಕು. ಕೊಟ್ಟದ್ದು ಮಾರುಕಟ್ಟೆ ಬೆಲೆ, ಕೇಳಿದ್ದು ಉತ್ಪಾದನಾಂಗ ವೆಚ್ಚ: ನಿವ್ವಳ ಪರೋಕ್ಷ ತೆರಿಗೆ ಕಳೆಯಬೇಕು. ಯಾವುದನ್ನು ಮೊದಲು ಮಾಡಿದರೂ ಉತ್ತರ ಒಂದೇ. ಆದರೆ ಒಂದೊಂದೇ ಸಾಲಿನಲ್ಲಿ ಬರೆಯಿರಿ. ಮೂರನ್ನೂ ಒಂದೇ ಸಾಲಿಗೆ ತುರುಕಿದರೆ ಚಿಹ್ನೆ ತಪ್ಪುತ್ತದೆ.

ನಿವ್ವಳ ಅಂಶ ಆದಾಯ: 120 − 310 = −190

ಮಾರುಕಟ್ಟೆ ಬೆಲೆಯಲ್ಲಿ ಜಿಎನ್‌ಪಿ: 8,000 + (−190) = 7,810

ಮಾರುಕಟ್ಟೆ ಬೆಲೆಯಲ್ಲಿ ನಿವ್ವಳ ರಾಷ್ಟ್ರೀಯ ಉತ್ಪನ್ನ: 7,810 − 600 = 7,210

ನಿವ್ವಳ ಪರೋಕ್ಷ ತೆರಿಗೆ: 700 − 150 = 550

ರಾಷ್ಟ್ರೀಯ ಆದಾಯ: 7,210 − 550 = 6,660 ಕೋಟಿ ರೂಪಾಯಿ

ಮೈನಸ್ 190 ಬಂದಾಗ ಕೈ ನಡುಗುವವರೇ ಜಾಸ್ತಿ. "ಆದಾಯ ಅಲ್ವಾ ಸರ್, ಮೈನಸ್ ಹೇಗೆ ಬರುತ್ತೆ?" ಅಂತ ಮೈನಸ್ಸನ್ನೇ ತೆಗೆದು 8,190 ಮಾಡಿಬಿಡುತ್ತಾರೆ. ಮೈನಸ್ ಬರುತ್ತದೆ. ಭಾರತದ್ದೇ ಮೈನಸ್. ನಮ್ಮ ಜಿಎನ್‌ಪಿ ಜಿಡಿಪಿಗಿಂತ ಸುಮಾರು ಶೇ 1ರಿಂದ 2ರಷ್ಟು ಕಡಿಮೆ ಇರುತ್ತದೆ. ಇಲ್ಲಿ ಹೂಡಿಕೆ ಮಾಡಿದ ವಿದೇಶಿಯರಿಗೆ ಸಲ್ಲುವ ಲಾಭ, ಬಡ್ಡಿ, ನಮಗೆ ಹೊರಗಿನಿಂದ ಬರುವ ಲಾಭ, ಬಡ್ಡಿ, ಸಂಬಳಕ್ಕಿಂತ ಜಾಸ್ತಿ. ತಮಾಷೆ ನೋಡಿ: ಹೊರದೇಶದಿಂದ ಮನೆಗೆ ಹಣ ಬರುವುದರಲ್ಲಿ ಜಗತ್ತಿನಲ್ಲೇ ಭಾರತ ಮೊದಲು. 2022ರಲ್ಲಿ ಅದು 100 ಬಿಲಿಯನ್ ಡಾಲರ್ ದಾಟಿತು. ಆದರೂ ನಿವ್ವಳ ಅಂಶ ಆದಾಯ ಮೈನಸ್. ಯಾಕೆಂದರೆ ಆ ಹಣದ ಬಹುಪಾಲು ಚಿಂತಾಮಣಿ ಡ್ರೈವರ್ ಕಳಿಸುವಂಥ ದುಡ್ಡು. ಅದಕ್ಕೆ ಬೇರೆ ಖಾನೆ ಇದೆ. ರಾಷ್ಟ್ರೀಯ ಆದಾಯದ ಮೇಲೆ ಇಂಥ ವರ್ಗಾವಣೆಗಳನ್ನೂ ಸೇರಿಸಿ, ದೇಶದ ಕೈಯಲ್ಲಿ ಖರ್ಚಿಗೆ ಎಷ್ಟಿದೆ ಅಂತ ನೋಡುವ ಲೆಕ್ಕ ಬೇರೆ.

ವ್ಯತ್ಯಾಸ ಇನ್ನೂ ದೊಡ್ಡದಾಗಿ ಕಾಣಬೇಕಾದರೆ ಐರ್ಲೆಂಡ್ ನೋಡಿ. ವಿದೇಶಿ ಕಂಪನಿಗಳು ತೆರಿಗೆ ಕಡಿಮೆ ಅಂತ ತಮ್ಮ ಲಾಭವನ್ನು ಅಲ್ಲಿ ತೋರಿಸುತ್ತವೆ. 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷದಲ್ಲಿ ಶೇ 25ಕ್ಕೂ ಜಾಸ್ತಿ ಬೆಳೆಯಿತು ಅಂತ ಅಂಕಿ ಬಂತು. ಅಲ್ಲಿನ ಜನರ ಜೇಬು ಹಾಗೇನೂ ತುಂಬಿರಲಿಲ್ಲ. ಕೊನೆಗೆ ಅಲ್ಲಿನ ಅಂಕಿಅಂಶ ಕಚೇರಿಯೇ ಇಂಥ ಉಬ್ಬರ ತೆಗೆದ ಬೇರೊಂದು ರಾಷ್ಟ್ರೀಯ ಆದಾಯದ ಅಳತೆ ಶುರು ಮಾಡಿತು.

ಇನ್ನೆರಡು ಗುಂಡಿ. ಕೆಲವು ಪ್ರಶ್ನೆಗಳಲ್ಲಿ "ವಿದೇಶಕ್ಕೆ ಸಂದ ನಿವ್ವಳ ಅಂಶ ಆದಾಯ 190" ಅಂತ ಕೊಡುತ್ತಾರೆ. "ಇಂದ" ಅಲ್ಲ, "ಕ್ಕೆ". ಒಂದು ವಿಭಕ್ತಿ ಬದಲಾದರೆ ಚಿಹ್ನೆಯೇ ಬದಲು. ಅದನ್ನು ನಮ್ಮ ಸೂತ್ರಕ್ಕೆ ಹಾಕುವಾಗ −190 ಅಂತ ಬರೆದುಕೊಳ್ಳಬೇಕು. ಎರಡನೆಯದು, ಹಿಂದಕ್ಕೆ ಹೋಗುವ ಲೆಕ್ಕ. ಜಿಎನ್‌ಪಿ 7,810, ನಿವ್ವಳ ಅಂಶ ಆದಾಯ −190, ಜಿಡಿಪಿ ಎಷ್ಟು? 7,810 − (−190) = 8,000. ಬ್ರಾಕೆಟ್ ಹಾಕದೆ ಬರೆದವರಿಗೆ 7,620 ಬರುತ್ತದೆ. ನಿಮ್ಮ ಉತ್ತರವನ್ನು ಹತ್ತು ಸೆಕೆಂಡಿನಲ್ಲಿ ಪರೀಕ್ಷಿಸಬಹುದು: ನಿವ್ವಳ ಅಂಶ ಆದಾಯ ಮೈನಸ್ ಇದ್ದರೆ ದೇಶೀಯ ಅಂಕಿ ರಾಷ್ಟ್ರೀಯಕ್ಕಿಂತ ದೊಡ್ಡದಿರಲೇಬೇಕು. ಇಲ್ಲದಿದ್ದರೆ ಎಲ್ಲೋ ತಪ್ಪಿದೆ.

ಹಾಗೇ, ಪತ್ರಿಕೆಯಲ್ಲಿ ಜಿಎನ್‌ಐ ಅಂತ ಕಂಡರೆ ಗಾಬರಿ ಬೇಡ. 1993ರ ಅಂತರರಾಷ್ಟ್ರೀಯ ಲೆಕ್ಕಪದ್ಧತಿ ಜಿಎನ್‌ಪಿಗೆ ಕೊಟ್ಟ ಹೊಸ ಹೆಸರು ಅದು.

ಜಿಲ್ಲೆಯ ತಲಾ ಆದಾಯ ಓದುವಾಗ

ಈ ಪಾಠ ಮುಗಿದ ಮೇಲೆ ಒಮ್ಮೆ ಒಬ್ಬ ಹುಡುಗಿ ಕೇಳಿದಳು. "ಸರ್, ನಮ್ಮಪ್ಪ ದಿನಾ ರೈಲಲ್ಲಿ ವೈಟ್‌ಫೀಲ್ಡ್‌ಗೆ ಹೋಗ್ತಾರೆ. ಕೋಲಾರ ಜಿಲ್ಲೆಯ ತಲಾ ಆದಾಯದಲ್ಲಿ ಅವರ ಸಂಬಳ ಇದೆಯಾ?"

ಒಳ್ಳೆ ಪ್ರಶ್ನೆ. ದೇಶದ ಗಡಿಯಲ್ಲಿ ಬಂದು ಹೋಗುವ ಹಣಕ್ಕೆ ಲೆಕ್ಕ ಇಡುತ್ತಾರೆ, ರಿಸರ್ವ್ ಬ್ಯಾಂಕ್ ಪಾವತಿ ಶಿಲ್ಕಿನ ಪಟ್ಟಿ ಕೊಡುತ್ತದೆ. ಜಿಲ್ಲೆಯ ಗಡಿಯಲ್ಲಿ ಅಂಥ ಲೆಕ್ಕ ಇಡುವವರಿಲ್ಲ. ಟೇಕಲ್ ದಾಟಿದ ರೈಲಿನಲ್ಲಿ ಎಷ್ಟು ಸಂಬಳ ವಾಪಸ್ ಬಂತು ಅಂತ ಯಾರು ಬರೆದುಕೊಳ್ಳುತ್ತಾರೆ? ಹಾಗಾಗಿ ರಾಜ್ಯಕ್ಕೂ ಜಿಲ್ಲೆಗೂ ನಾವು ಓದುವ ತಲಾ ಆದಾಯ, ಆ ಗಡಿಯೊಳಗಿನ ದೇಶೀಯ ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದ್ದು. ಜಾಗದ ಲೆಕ್ಕ ಅದು, ಮನೆಯ ಲೆಕ್ಕ ಅಲ್ಲ.

ಅವಳ ಅಪ್ಪ ವೈಟ್‌ಫೀಲ್ಡ್‌ನಲ್ಲಿ ದುಡಿದದ್ದು ಬೆಂಗಳೂರು ನಗರ ಜಿಲ್ಲೆಯ ಉತ್ಪನ್ನಕ್ಕೆ ಸೇರುತ್ತದೆ. ಆದರೆ ಭಾಗಿಸುವಾಗ ಅವರ ತಲೆಯನ್ನು ಎಣಿಸುವುದು ಕೋಲಾರದಲ್ಲಿ. ಅಲ್ಲಿ ಮೇಲಿನ ಅಂಕಿ ಹೆಚ್ಚಾಯಿತು, ಇಲ್ಲಿ ಕೆಳಗಿನ ಅಂಕಿ ಹೆಚ್ಚಾಯಿತು.

"ಹಾಗಾದರೆ ಸರ್, ನಮ್ಮಪ್ಪನಿಂದ ಬೆಂಗಳೂರಿನ ತಲಾ ಆದಾಯ ಜಾಸ್ತಿ, ಕೋಲಾರದ್ದು ಕಡಿಮೆ" ಅಂದಳು. ಅವಳ ಪೇಪರಿಗೆ ನಾನು ಪೂರ್ತಿ ಅಂಕ ಕೊಟ್ಟೆ.